ಮುಗಿದ ವಿಡಿಯೋದಿಂದ ಹಳೆ ಹಾಡು ತೆಗೆದು ಲೈಸೆನ್ಸ್ ಇರುವ ಸಂಗೀತ ಹಾಕುವುದು ಹೇಗೆ: ಮಾತು ಕೆಡದ ಹಾಗೆ

ಎಡಿಟಿಂಗ್ ಪ್ರಾಜೆಕ್ಟ್ ಫೈಲ್ ಉಳಿದಿದ್ದರೆ ಇದು ಹತ್ತು ನಿಮಿಷದ ಕೆಲಸ. ಹಾಡಿನ ಟ್ರ್ಯಾಕ್ ಅಳಿಸಿ, ಬೇರೆಯದು ಹಾಕಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿದರೆ ಆಯ್ತು. ತೊಂದರೆ ಶುರುವಾಗುವುದು ಪ್ರಾಜೆಕ್ಟ್ ಕಳೆದುಹೋಗಿ, ಕೈಯಲ್ಲಿ ಒಂದು ಎಂಪಿ4 ಮಾತ್ರ ಉಳಿದಾಗ. ಅದರೊಳಗೆ ಮಾತು, ಹಾಡು, ಸುತ್ತಲಿನ ಸದ್ದು ಎಲ್ಲಾ ಹಾಲಿಗೆ ಸಕ್ಕರೆ ಬಿದ್ದ ಹಾಗೆ ಬೆರೆತಿರುತ್ತವೆ.

ನನಗೂ ಹೀಗೇ ಆಗಿತ್ತು. ಸೈಕಲ್ ಚೈನ್ ಬಿಚ್ಚಿ, ತೊಳೆದು, ಎಣ್ಣೆ ಹಾಕುವುದನ್ನು ತೋರಿಸುವ 8 ನಿಮಿಷ 40 ಸೆಕೆಂಡಿನ ವಿಡಿಯೋ. ಅದರಲ್ಲಿ ನಾನು ಸುಮ್ನೆ ಇಷ್ಟಪಟ್ಟು ಹಾಕಿದ್ದ ಒಂದು ಹಾಡಿಗೆ ಕಾಪಿರೈಟ್ ಕ್ಲೇಮ್ ಬಂತು. ಪ್ರಾಜೆಕ್ಟ್ ಇದ್ದ ಹಾರ್ಡ್ ಡಿಸ್ಕ್ ಅಷ್ಟರಲ್ಲಿ ಕೆಟ್ಟಿತ್ತು. ಆ ವಿಡಿಯೋವನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಹೇಳುತ್ತೇನೆ.

ಮೊದಲು ಒಂದು ಮಾತು. ಇಡೀ ವಿಡಿಯೋದ ಧ್ವನಿಯನ್ನು ಒಂದೇ ಏಟಿಗೆ ಹಾಡು ತೆಗೆಯುವ ಪ್ರೋಗ್ರಾಮಿಗೆ ಕೊಟ್ಟು, ಬಂದದ್ದನ್ನು ಹಾಗೇ ಬಳಸಬೇಡಿ. ಮಾತು ನೀರೊಳಗಿಂದ ಬಂದ ಹಾಗೆ ಕೇಳುತ್ತದೆ. ಎಲ್ಲಿ ಬೇಕೋ ಅಲ್ಲಿ ಮಾತ್ರ, ಎಷ್ಟು ಬೇಕೋ ಅಷ್ಟೇ ಬೇರ್ಪಡಿಸಬೇಕು.

ವಿಡಿಯೋ ಈಗಾಗಲೇ ಯೂಟ್ಯೂಬಿನಲ್ಲಿದ್ದರೆ

ಯೂಟ್ಯೂಬಿಗೆ ಒಮ್ಮೆ ಏರಿಸಿದ ವಿಡಿಯೋದ ಫೈಲನ್ನು ಬದಲಿಸಲು ಆಗುವುದಿಲ್ಲ. ಹೊಸ ಫೈಲ್ ಅಂದರೆ ಹೊಸ ಲಿಂಕ್. ಹಳೆಯ ವ್ಯೂಗಳು, ಕಾಮೆಂಟುಗಳು ಹಳೆಯ ಲಿಂಕಿನಲ್ಲೇ ಉಳಿಯುತ್ತವೆ. ಹಾಗಾಗಿ ವಿಡಿಯೋಗೆ ಆಗಲೇ ಒಳ್ಳೆ ವ್ಯೂ ಬಂದಿದ್ದರೆ, ಮೊದಲು ಯೂಟ್ಯೂಬ್ ಸ್ಟುಡಿಯೋದಲ್ಲಿ ಕ್ಲೇಮ್ ಬಂದಿರುವ ಜಾಗವನ್ನು ತೆರೆದು ನೋಡಿ. ಅಲ್ಲಿ ಆ ತುಂಡನ್ನು ಕತ್ತರಿಸುವ, ಹಾಡನ್ನು ಅಳಿಸುವ, ಅವರ ಆಡಿಯೋ ಲೈಬ್ರರಿಯ ಸಂಗೀತ ಹಾಕುವ ಆಯ್ಕೆಗಳು ಇರುತ್ತವೆ. ಲಿಂಕ್ ಬದಲಾಗುವುದಿಲ್ಲ. ಆದರೆ ನೀವು ಬೇರೆ ಕಡೆ ಲೈಸೆನ್ಸ್ ಪಡೆದ ಸಂಗೀತವನ್ನು ಅಲ್ಲಿ ಹಾಕಲು ಬರುವುದಿಲ್ಲ. ಮಾತು ಎಷ್ಟರ ಮಟ್ಟಿಗೆ ಉಳಿಯುತ್ತದೆ ಎಂಬುದೂ ನಿಮ್ಮ ಕೈಯಲ್ಲಿಲ್ಲ. ನನ್ನ ವಿಡಿಯೋಗೆ ವ್ಯೂ ಇದ್ದದ್ದೇ ಕಡಿಮೆ, ಹಾಗಾಗಿ ಹೊಸದಾಗಿ ಮಾಡುವುದೇ ಸರಿ ಅನಿಸಿತು.

ಮೊದಲ ಕೆಲಸ: ನಕ್ಷೆ

ಪೇಪರ್ ತೆಗೆದುಕೊಳ್ಳಿ, ಹೆಡ್‌ಫೋನ್ ಹಾಕಿ, ವಿಡಿಯೋವನ್ನು ಒಂದು ಸಲ ಪೂರ್ತಿ ಕೇಳಿ. ಎಲ್ಲಿ ಬರೀ ಹಾಡು, ಎಲ್ಲಿ ಬರೀ ಮಾತು, ಎಲ್ಲಿ ಎರಡೂ ಸೇರಿವೆ ಎಂದು ಸಮಯದ ಜೊತೆ ಬರೆಯಿರಿ. ನನ್ನದು ಹೀಗಿತ್ತು:

0:00–0:18 ಬರೀ ಹಾಡು, ಟೈಟಲ್
0:18–3:05 ಮಾತು, ಕೆಳಗೆ ಹಾಡು
3:05–4:20 ಮಾತು ಮತ್ತು ಕೆಲಸದ ಸದ್ದು, ಹಾಡಿಲ್ಲ
4:20–5:10 ಬರೀ ಹಾಡು, ಟೈಮ್‌ಲ್ಯಾಪ್ಸ್
5:10–8:10 ಮಾತು, ಕೆಳಗೆ ಹಾಡು. 7:30ರಿಂದ ಗಾಯಕಿಯ ದನಿಯೂ ಸೇರುತ್ತದೆ
8:10–8:40 ಬರೀ ಹಾಡು

ಇಷ್ಟು ಬರೆದ ಮೇಲೆ ಕೆಲಸ ಅರ್ಧ ಕಮ್ಮಿಯಾದ ಹಾಗೆ ಕಂಡಿತು. ಬರೀ ಹಾಡಿರುವ ಜಾಗಗಳಲ್ಲಿ ಏನನ್ನೂ ಬೇರ್ಪಡಿಸುವ ಅಗತ್ಯವಿಲ್ಲ. ಹಳೆಯ ಧ್ವನಿಯನ್ನು ಪೂರ್ತಿ ಎಸೆದು ಹೊಸದನ್ನು ಹಾಕಿದರಾಯಿತು. ಹಾಡಿಲ್ಲದ 75 ಸೆಕೆಂಡನ್ನು ಮುಟ್ಟಲೇಬಾರದು. ಅಷ್ಟೇ ಅಲ್ಲ, ಆ 75 ಸೆಕೆಂಡು ಬಂಗಾರ. ನಿಮ್ಮ ನಿಜವಾದ ದನಿ, ನಿಮ್ಮ ಕೋಣೆಯ ನಿಜವಾದ ಸದ್ದು ಕಲಬೆರಕೆಯಿಲ್ಲದೆ ಸಿಗುವುದು ಅಲ್ಲಿ ಮಾತ್ರ. ಮುಂದೆ ಅದು ಎರಡು ಸಲ ಉಪಯೋಗಕ್ಕೆ ಬರುತ್ತದೆ.

ಇದರ ಜೊತೆಗೇ ಫೋನು, ಮೆಮೊರಿ ಕಾರ್ಡು, ಕ್ಲೌಡ್ ಬ್ಯಾಕಪ್ಪು ಎಲ್ಲಾ ಹುಡುಕಿ. ಮೂಲ ಶೂಟಿನ ಒಂದೇ ಒಂದು ಕ್ಲಿಪ್ ಸಿಕ್ಕರೂ ಅಷ್ಟು ಭಾಗದ ಮಾತು ಹೊಸದಾಗಿ ಸಿಕ್ಕಂತೆ. ಎಷ್ಟೇ ಚೆನ್ನಾಗಿ ಬೇರ್ಪಡಿಸಿದರೂ ಮೂಲದ ಮಾತಿಗೆ ಅದು ಸಮನಾಗುವುದಿಲ್ಲ.

ಮಾತನ್ನು ಬೇರ್ಪಡಿಸುವುದು

ನಾನು ಬಳಸುವುದು ಡೆಮುಕ್ಸ್ ಎಂಬ ಉಚಿತ ಪ್ರೋಗ್ರಾಮು. ಅದು ಹಾಡಿನ ಫೈಲಿನಿಂದ ದನಿಯನ್ನು ಒಂದು ಕಡೆ, ವಾದ್ಯಗಳನ್ನು ಇನ್ನೊಂದು ಕಡೆ ಮಾಡಿ ಕೊಡುತ್ತದೆ. ಮೊದಲು ಎಫ್‌ಎಫ್‌ಎಂಪೆಗ್ ಎಂಬ ಇನ್ನೊಂದು ಉಚಿತ ಪ್ರೋಗ್ರಾಮಿನಿಂದ ವಿಡಿಯೋದ ಧ್ವನಿಯನ್ನು ಹೊರಗೆ ತೆಗೆದು, ನಂತರ ಡೆಮುಕ್ಸಿಗೆ ಕೊಡಬೇಕು:

```
ffmpeg -i final.mp4 -vn -c:a pcm_s16le full.wav
demucs --two-stems=vocals full.wav
```

ಗ್ರಾಫಿಕ್ಸ್ ಕಾರ್ಡ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಆಡಿಯೋದ ಉದ್ದದ ಸುಮಾರು ಒಂದೂವರೆ ಪಟ್ಟು ಸಮಯ ಹಿಡಿಯುತ್ತದೆ. ಕೊನೆಗೆ ಎರಡು ಫೈಲು ಸಿಗುತ್ತವೆ: `vocals.wav` ಮತ್ತು `no_vocals.wav`. ಹೆಚ್ಚಿನವರು ಎರಡನೆಯದನ್ನು ತೆರೆದೂ ನೋಡುವುದಿಲ್ಲ. ನಾನಂತೂ ಮೊದಲು ಕೇಳುವುದೇ ಅದನ್ನು. ಮಾತಿನಿಂದ ಏನೇನು ಕಿತ್ತುಕೊಂಡು ಹೋಗಿದೆ ಎಂಬ ಲೆಕ್ಕವೆಲ್ಲ ಅದರಲ್ಲಿರುತ್ತದೆ.

ನನ್ನ ವಿಡಿಯೋದಲ್ಲಿ ಮೂರು ಕಡೆ ಏಟು ಬಿದ್ದಿತ್ತು. ಮೂರೂ ನಿಮಗೂ ಎದುರಾಗುವಂಥವೇ.

ಮೊದಲನೆಯದು, ಸಕಾರ. ಸ, ಶ, ಚ ಇಂಥ ಅಕ್ಷರಗಳಲ್ಲಿ ಇರುವುದು ಬರೀ ಗಾಳಿಯ ಸದ್ದು. ಡ್ರಮ್ಮಿನ ತಾಳದ ಚಿಟಿಚಿಟಿಯೂ ಹೆಚ್ಚು ಕಡಿಮೆ ಹಾಗೇ ಇರುತ್ತದೆ. ಎರಡೂ ಒಂದೇ ಕ್ಷಣಕ್ಕೆ ಬಂದರೆ ಪ್ರೋಗ್ರಾಮು ಅಕ್ಷರವನ್ನೂ ತಾಳ ಎಂದುಕೊಂಡು ಆಚೆ ಹಾಕುತ್ತದೆ. 2:14ರಲ್ಲಿ ನಾನು ‘ಸ್ಪ್ರೇ’ ಅಂದದ್ದು ‘ಪ್ರೇ’ ಆಗಿತ್ತು. `no_vocals.wav` ಕೇಳಿದರೆ ಅದೇ ಜಾಗದಲ್ಲಿ ಒಂಟಿ ‘ಸ್’ ಕೂತಿತ್ತು! ಅದನ್ನು ಕತ್ತರಿಸಿ ವಾಪಸ್ ಹಾಕೋಣವೆಂದರೆ ಅದರ ಜೊತೆ ತಾಳವೂ ಬರುತ್ತದೆ. ನಾನು ಮಾಡಿದ್ದು ಬೇರೆ. ಹಾಡಿಲ್ಲದ ಭಾಗದಲ್ಲಿ, 3:52ರಲ್ಲಿ, ಅದೇ ‘ಸ್ಪ್ರೇ’ ಪದ ಇತ್ತು. ಇಡೀ ಪದವನ್ನು ಅಲ್ಲಿಂದ ಕಾಪಿ ಮಾಡಿ ಇಲ್ಲಿ ಕೂರಿಸಿದೆ. ಪದದ ಎರಡೂ ತುದಿಗೆ ಚಿಕ್ಕ ಫೇಡ್ ಕೊಟ್ಟರೆ ಕಸಿ ಮಾಡಿದ್ದು ಗೊತ್ತೇ ಆಗುವುದಿಲ್ಲ.

ಎರಡನೆಯದು, ಕೆಲಸದ ಸದ್ದು. ಡೆಮುಕ್ಸಿಗೆ ಮನುಷ್ಯರ ದನಿ ಬಿಟ್ಟು ಮಿಕ್ಕಿದ್ದೆಲ್ಲ ವಾದ್ಯವೇ. ಚೈನ್ ತಿರುಗುವ ಕಿರಕಿರ, ಸ್ಪ್ಯಾನರ್ ಕೆಳಗಿಟ್ಟ ಟಣ್, ಚಪ್ಪಾಳೆ, ಹೆಜ್ಜೆ ಸಪ್ಪಳ ಎಲ್ಲವೂ ಹಾಡಿನ ಜೊತೆ ಹೋಗುತ್ತವೆ. ತೆರೆಯ ಮೇಲೆ ಚಕ್ರ ತಿರುಗುತ್ತಿದೆ, ಸದ್ದೇ ಇಲ್ಲ. ನೋಡುವವರಿಗೆ ಏನು ತಪ್ಪಾಗಿದೆ ಎಂದು ತಿಳಿಯದಿದ್ದರೂ ಏನೋ ಸರಿಯಿಲ್ಲ ಅನಿಸುತ್ತದೆ. ಇದಕ್ಕೆ ಮದ್ದು ಸುಲಭ. ಸೈಕಲನ್ನು ತಲೆಕೆಳಗು ಮಾಡಿ, ಚಕ್ರ ತಿರುಗಿಸಿ, ಫೋನಿನಲ್ಲಿ ಎರಡು ನಿಮಿಷ ರೆಕಾರ್ಡ್ ಮಾಡಿಕೊಂಡೆ. ತೆರೆಯ ಮೇಲೆ ಎದ್ದು ಕಾಣುವ ನಾಲ್ಕೈದು ಜಾಗಗಳಲ್ಲಿ ಮಾತ್ರ ಅದನ್ನು ಹಾಕಿದೆ. ಪ್ರತಿಯೊಂದು ಸಪ್ಪಳವನ್ನೂ ಮತ್ತೆ ಕಟ್ಟಲು ಹೋಗಬೇಡಿ.

ಮೂರನೆಯದೇ ದೊಡ್ಡ ತಲೆನೋವು. 7:30ರಿಂದ 8:10ರವರೆಗೆ ಹಿನ್ನೆಲೆಯಲ್ಲಿ ಗಾಯಕಿ ಹಾಡುತ್ತಾಳೆ. ಆಕೆಯದೂ ದನಿಯೇ, ನನ್ನದೂ ದನಿಯೇ. ಬೇರ್ಪಡಿಸಿದಾಗ ಇಬ್ಬರೂ `vocals.wav` ಒಳಗೇ ಬಂದು ಕೂತಿದ್ದೆವು. ಸೆಟ್ಟಿಂಗ್ ಎಷ್ಟು ತಿರುಗಿಸಿದರೂ ಇದು ಸರಿಹೋಗುವುದಿಲ್ಲ. ದನಿ ಮತ್ತು ವಾದ್ಯ ಎಂದು ವಿಂಗಡಿಸುವ ಪ್ರೋಗ್ರಾಮಿಗೆ ಇದು ನಿಮ್ಮ ದನಿ, ಅದು ಅವಳ ದನಿ ಎಂಬುದು ಗೊತ್ತಿಲ್ಲ, ಅಲ್ವಾ? ಇಂಥ ಜಾಗದಲ್ಲಿ ಸಮಯ ಹಾಳು ಮಾಡದೆ ಮಾತನ್ನು ಹೊಸದಾಗಿ ರೆಕಾರ್ಡ್ ಮಾಡಿ.

ನನ್ನ ಅದೃಷ್ಟಕ್ಕೆ ಆ 40 ಸೆಕೆಂಡಿನಲ್ಲಿ ಕಾಣುವುದು ಕೈಗಳು ಮಾತ್ರ, ಮುಖವಿಲ್ಲ. ಹಳೆಯ ಮಾತನ್ನು ಬರೆದುಕೊಂಡು, ಒಂದು ಕಿವಿಗೆ ಇಯರ್‌ಫೋನ್ ಹಾಕಿ ಹಳೆಯದನ್ನು ಕೇಳುತ್ತಾ ಅದರ ನಡಿಗೆಗೇ ಹೇಳಿದೆ. ಆಗ ಬಳಸಿದ್ದ ಅದೇ ಮೈಕು, ಬಾಯಿಂದ ಅಷ್ಟೇ ದೂರ, ಸಾಧ್ಯವಾದರೆ ಅದೇ ಕೋಣೆ. ಮೈಕಿಗಿಂತಲೂ ದೂರವೇ ಮುಖ್ಯ. ಒಂದು ಗೇಣು ಹತ್ತಿರ ಬಂದರೂ ದನಿಯ ಬಣ್ಣ ಬದಲಾಗುತ್ತದೆ. ನಿಮ್ಮ ವಿಡಿಯೋದಲ್ಲಿ ಅಲ್ಲಿ ಮುಖ ಕಾಣುತ್ತಿದ್ದರೆ ತುಟಿಗೆ ಮಾತು ಹೊಂದುವುದು ಕಷ್ಟ. ಆಗ ಆ ತುಂಡಿನ ಮೇಲೆ ಬೇರೆ ಯಾವುದಾದರೂ ದೃಶ್ಯ ಮುಚ್ಚಿ, ಇಲ್ಲವೇ ಆ ಭಾಗವನ್ನೇ ಕತ್ತರಿಸಿ.

ಸಂದುಗಳನ್ನು ತುಂಬುವುದು

ಈಗ ಆಡಾಸಿಟಿ ಎಂಬ ಉಚಿತ ಆಡಿಯೋ ಎಡಿಟರಿನಲ್ಲಿ `full.wav` ಮತ್ತು `vocals.wav` ಎರಡನ್ನೂ ಒಂದರ ಕೆಳಗೊಂದು ತೆರೆಯಿರಿ. 3:05ರಿಂದ 4:20ರವರೆಗೆ `full.wav` ಇರಲಿ, ಮಾತು ಹಾಡು ಸೇರಿರುವ ಕಡೆ `vocals.wav` ಇರಲಿ, 7:30ರಿಂದ 8:10ರವರೆಗೆ ಮಾತ್ರ ಹೊಸ ರೆಕಾರ್ಡಿಂಗ್ ಕೂರಿಸಿ, ಮಿಕ್ಕಿದ್ದನ್ನು ಮುಂದಿನ ತುಂಡುಗಳು ಜಾರದ ಹಾಗೆ ಅಳಿಸಿ. ಒಂದರಿಂದ ಇನ್ನೊಂದಕ್ಕೆ ಹೋಗುವುದು ಯಾವಾಗಲೂ ವಾಕ್ಯ ಮುಗಿದ ಮೇಲೆ ಆಗಲಿ, ಮಾತಿನ ನಡುವೆ ಬೇಡ. ಎರಡರ ಜೋರು ಸ್ವಲ್ಪ ಹೆಚ್ಚುಕಮ್ಮಿ ಇರಬಹುದು, ಕಿವಿಯಿಂದಲೇ ಸರಿದೂಗಿಸಿ.

ಬೇರ್ಪಡಿಸಿದ ಮಾತನ್ನು ಜೋರಾಗಿ ಇಟ್ಟು ಕೇಳಿದರೆ ವಾಕ್ಯಗಳ ನಡುವೆ ಹಳೆಯ ಹಾಡಿನ ಚೂರುಗಳು ಗುಂಯ್‌ಗುಟ್ಟುವುದು ಗೊತ್ತಾಗುತ್ತದೆ. ಅರ್ಧ ಸೆಕೆಂಡಿಗಿಂತ ಉದ್ದದ ಪ್ರತಿ ಬಿಡುವನ್ನೂ ಆರಿಸಿ, Ctrl+L ಒತ್ತಿ ಮೌನ ಮಾಡಿ. ಆದರೆ ಪದ ಮುಗಿದ ಕೂಡಲೇ ಕತ್ತರಿ ಹಾಕಬೇಡಿ. ಪದದ ಬಾಲಕ್ಕೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಜಾಗ ಬಿಡಿ, ಇಲ್ಲದಿದ್ದರೆ ‘ಮಾಡಿ’ ಅಂದದ್ದು ‘ಮಾಡ್’ ಅಂತ ಕೇಳುತ್ತದೆ. ನಾಯ್ಸ್ ಗೇಟ್ ಹಾಕಿದರೆ ಇದೆಲ್ಲ ತಾನಾಗಿಯೇ ಆಗುತ್ತದೆ ನಿಜ. ಆದರೆ ಐದು ನಿಮಿಷದ ಮಾತಿಗೆ ನಾನು ಕೈಯಲ್ಲೇ ಮಾಡುತ್ತೇನೆ. ಗೇಟು ಮೆತ್ತಗೆ ಹೇಳಿದ ಪದಗಳನ್ನೂ ನುಂಗುತ್ತದೆ.

ಮೌನ ಮಾಡಿದ ಜಾಗ ಈಗ ಸತ್ತ ಹಾಗೆ ಕೇಳುತ್ತದೆ. ನಿಜವಾದ ಕೋಣೆಯಲ್ಲಿ ಪೂರ್ತಿ ಮೌನ ಎಂಬುದಿಲ್ಲ. ಹಾಡಿಲ್ಲದ ಭಾಗಕ್ಕೆ ಮತ್ತೆ ಹೋಗಿ. ನನಗೆ 3:41ರಲ್ಲಿ ಮಾತೂ ಇಲ್ಲದ, ಸದ್ದೂ ಇಲ್ಲದ ನಾಲ್ಕು ಸೆಕೆಂಡು ಸಿಕ್ಕಿತು. ಬರೀ ಫ್ಯಾನಿನ ಸಣ್ಣ ಹೂಂಕಾರ. ಅದನ್ನು ಬೇರೆ ಟ್ರ್ಯಾಕಿಗೆ ಹಾಕಿ, ತುದಿಗೆ ತುದಿ ಕ್ರಾಸ್‌ಫೇಡ್ ಮಾಡುತ್ತಾ, ಬೇರ್ಪಡಿಸಿದ ಮತ್ತು ಹೊಸದಾಗಿ ರೆಕಾರ್ಡ್ ಮಾಡಿದ ಭಾಗಗಳ ಕೆಳಗೆಲ್ಲ ಹಾಸಿದೆ. ಮೂರು ಥರದ ಮಾತೂ ಒಂದೇ ಕೋಣೆಯಲ್ಲಿ ಕೂತು ಆಡಿದ ಹಾಗೆ ಕೇಳತೊಡಗಿತು. ಇಡೀ ಕೆಲಸದಲ್ಲಿ ಕಡಿಮೆ ಶ್ರಮಕ್ಕೆ ಜಾಸ್ತಿ ಫಲ ಕೊಡುವುದು ಈ ಹೆಜ್ಜೆ.

ಹೊಸ ಸಂಗೀತ ಆರಿಸುವುದು

ಸಂಗೀತವನ್ನು ಈಗ ಆರಿಸಿ, ಮೊದಲಲ್ಲ. ಮಾತಿನ ಗಾಯ ಎಲ್ಲೆಲ್ಲಿದೆ ಎಂದು ಗೊತ್ತಾದ ಮೇಲೆ, ಅದನ್ನು ಮುಚ್ಚುವಂಥದ್ದನ್ನು ಹುಡುಕಬಹುದು.

ಹಾಡುವ ದನಿ ಇಲ್ಲದ್ದು ಬೇಕು ಎಂಬುದು ಹೇಳಬೇಕಿಲ್ಲ. ಇನ್ನೊಂದು ವಿಷಯ ಮಾತ್ರ ಎಷ್ಟೋ ಜನಕ್ಕೆ ತೋಚುವುದಿಲ್ಲ. ಹಳೆಯ ರಾಗದ ಚೂರುಗಳು ಮಾತಿನ ಅಡಿಯಲ್ಲಿ ಇನ್ನೂ ಅಂಟಿಕೊಂಡಿರುತ್ತವೆ. ಎದ್ದು ಕಾಣುವ ರಾಗವಿರುವ ಹೊಸ ಸಂಗೀತ ಹಾಕಿದರೆ ಎರಡೂ ಜಗಳಕ್ಕೆ ಬಿದ್ದು ಅಪಸ್ವರ ಕೇಳಿಸುತ್ತದೆ. ನಾನು ಮೊದಲು ಆರಿಸಿದ ಗಿಟಾರ್ ತುಣುಕಿಗೆ ಹೀಗೇ ಆಯ್ತು. ಆಮೇಲೆ ನಿಧಾನವಾಗಿ ಅಲೆಯಂತೆ ಏರಿಳಿಯುವ ಕೀಬೋರ್ಡ್ ಸಂಗೀತ ಹಾಕಿದೆ. ಹಳೆಯ ಚೂರುಗಳು ಅದರಲ್ಲಿ ಮುಳುಗಿಹೋದವು.

ಟೈಮ್‌ಲ್ಯಾಪ್ಸಿನಂಥ ಮಾತಿಲ್ಲದ ಭಾಗಕ್ಕೆ ಬೇರೆ, ಚುರುಕಾದ ಸಂಗೀತ ಹಾಕಬಹುದು. ಅಲ್ಲಿ ದೃಶ್ಯ ಬದಲಾಗುವ ಕಟ್‌ಗಳು ಹಳೆಯ ಹಾಡಿನ ತಾಳಕ್ಕೆ ಬಿದ್ದಿರುತ್ತವೆ. ಹಳೆಯದರ ವೇಗಕ್ಕೆ ಹತ್ತಿರದ್ದನ್ನು ಹುಡುಕಿ, ಮೊದಲ ಕಟ್‌ಗೆ ಮೊದಲ ತಾಳ ಕೂರುವಂತೆ ಸರಿಸಿ.

ಇನ್ನು ಲೈಸೆನ್ಸು. ‘ಹತ್ತು ಸೆಕೆಂಡಿಗಿಂತ ಕಡಿಮೆ ಬಳಸಿದರೆ ಪರವಾಗಿಲ್ಲ’ ಎಂಬ ನಿಯಮ ಎಲ್ಲೂ ಇಲ್ಲ. ‘ರಾಯಲ್ಟಿ ಫ್ರೀ’ ಅಂದರೆ ಪುಕ್ಕಟೆ ಅಂತಲೂ ಅಲ್ಲ; ಒಮ್ಮೆ ಪಡೆದ ಲೈಸೆನ್ಸಿಗೆ ಪ್ರತಿ ಬಳಕೆಗೂ ಮತ್ತೆ ದುಡ್ಡು ಕೊಡಬೇಕಿಲ್ಲ ಅಂತ ಅಷ್ಟೇ. ಕ್ರಿಯೇಟಿವ್ ಕಾಮನ್ಸ್ ಸಂಗೀತವಾದರೆ ಅಕ್ಷರಗಳನ್ನು ಗಮನವಿಟ್ಟು ನೋಡಿ. CC BY ಆದರೆ ಹೆಸರು, ಲಿಂಕು, ಲೈಸೆನ್ಸು ಹಾಕಿ ಬಳಸಬಹುದು. NC ಇದ್ದರೆ ದುಡ್ಡು ಮಾಡುವ ವಿಡಿಯೋಗೆ ಆಗುವುದಿಲ್ಲ. ND ಇದ್ದರೆ ವಿಡಿಯೋಗೆ ಬಳಸಲೇ ಆಗುವುದಿಲ್ಲ, ಏಕೆಂದರೆ ಸಂಗೀತವನ್ನು ಓಡುವ ಚಿತ್ರಕ್ಕೆ ಹೊಂದಿಸುವುದನ್ನೇ ಆ ಲೈಸೆನ್ಸುಗಳು ಮಾರ್ಪಾಡು ಎಂದು ಎಣಿಸುತ್ತವೆ. SA ಇದ್ದರೆ ನಿಮ್ಮ ವಿಡಿಯೋವನ್ನೂ ಅದೇ ಲೈಸೆನ್ಸಿನಲ್ಲಿ ಬಿಡಬೇಕಾಗುತ್ತದೆ.

ಲೈಸೆನ್ಸ್ ಪಡೆದ ದಿನವೇ ಅದರ ಪಿಡಿಎಫ್ ಅಥವಾ ಆ ಪುಟದ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸರಿಯಾಗಿ ಲೈಸೆನ್ಸ್ ಪಡೆದ ಸಂಗೀತಕ್ಕೂ ಕ್ಲೇಮ್ ಬರುತ್ತದೆ. ಎಷ್ಟೋ ಸಂಗೀತಗಾರರು ತಮ್ಮ ತುಣುಕನ್ನು ಹಾಡುಗಳನ್ನು ತಾನಾಗಿಯೇ ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿಯಲ್ಲಿ ನೋಂದಾಯಿಸಿರುತ್ತಾರೆ, ಅದಕ್ಕೆ ನಿಮ್ಮ ಲೈಸೆನ್ಸಿನ ವಿಷಯ ತಿಳಿಯದು. ಆಗ ಕೈಗೆ ಬರುವುದು ಆ ಕಾಗದವೇ.

ಮಾತು ಮೇಲೆ, ಸಂಗೀತ ಕೆಳಗೆ

ಆಡಾಸಿಟಿಯ Auto Duck ಎಂಬ ಎಫೆಕ್ಟು ಮಾತು ಬಂದಾಗ ಸಂಗೀತವನ್ನು ತಗ್ಗಿಸಿ, ಮಾತು ನಿಂತಾಗ ಏರಿಸುತ್ತದೆ. ಸಂಗೀತದ ಟ್ರ್ಯಾಕಿನ ಸರಿಯಾಗಿ ಕೆಳಗೇ ಮಾತಿನ ಟ್ರ್ಯಾಕ್ ಇರಬೇಕು. ನಾನು ಒಮ್ಮೆ ಅಲ್ಲಿ ಕೋಣೆಯ ಸದ್ದಿನ ಟ್ರ್ಯಾಕ್ ಇಟ್ಟಿದ್ದೆ. ಮಾತು ಬಂದರೂ ಸಂಗೀತ ತಗ್ಗಲೇ ಇಲ್ಲ. ಎಲ್ಲಾ ಮಾತನ್ನೂ ಒಂದೇ ಟ್ರ್ಯಾಕಿಗೆ ಸೇರಿಸಿ ಅದನ್ನು ಅಲ್ಲಿಡಿ.

ಬಿಡುವಿನ ಸೆಟ್ಟಿಂಗ್, ಅಂದರೆ Maximum pause, ಒಂದು ಸೆಕೆಂಡಿಗೆ ಇರುತ್ತದೆ. ಅದನ್ನು ಎರಡಕ್ಕೆ ಏರಿಸಿ. ಇಲ್ಲದಿದ್ದರೆ ನೀವು ಉಸಿರು ತೆಗೆದುಕೊಂಡಾಗಲೆಲ್ಲ ಸಂಗೀತ ಉಬ್ಬಿ ಇಳಿಯುತ್ತದೆ, ಕೇಳುವವರಿಗೆ ಉಯ್ಯಾಲೆ ಕೂತ ಹಾಗೆ.

ಎಷ್ಟು ತಗ್ಗಿಸಬೇಕು? ವೆಬ್ ಬಳಕೆ ಎಲ್ಲರಿಗೂ ಸುಲಭವಾಗಲೆಂದು ಇರುವ ಡಬ್ಲ್ಯೂಸಿಎಜಿ ಎಂಬ ಮಾರ್ಗಸೂಚಿ, ಹಿನ್ನೆಲೆ ಸದ್ದು ಮಾತಿಗಿಂತ ಕನಿಷ್ಠ 20 ಡೆಸಿಬೆಲ್ ಕೆಳಗಿರಲಿ ಎನ್ನುತ್ತದೆ. ಕಿವಿ ಮಂದವಿರುವವರಿಗೂ ಮಾತು ಸ್ಪಷ್ಟವಾಗಿ ಕೇಳಲಿ ಎಂದು. ಮೂಲ ಮಾತಿರುವ ಕಡೆ, ಹೊಸದಾಗಿ ರೆಕಾರ್ಡ್ ಮಾಡಿದ ಕಡೆ ನಾನು ಅಷ್ಟೇ ಇಡುತ್ತೇನೆ. ಬೇರ್ಪಡಿಸಿದ ಮಾತಿನ ಕಡೆ ಒಂದು ಇಕ್ಕಟ್ಟಿದೆ: ಸಂಗೀತ ತೀರಾ ಕೆಳಗಿದ್ದರೆ ಮಾತಿನ ಗಾಯ ಕಾಣುತ್ತದೆ, ಮೇಲೆ ಬಂದರೆ ಮಾತೇ ಮುಚ್ಚುತ್ತದೆ. ಅಲ್ಲಿ 18ರವರೆಗೆ ಬರುತ್ತೇನೆ, ಅದಕ್ಕಿಂತ ಮೇಲೆ ತರುವುದಿಲ್ಲ.

ಜೋರು ಮುಟ್ಟದೆಯೇ ಜಾಗ ಮಾಡಿಕೊಡುವ ಇನ್ನೊಂದು ದಾರಿಯಿದೆ. ವ್ಯಂಜನಗಳು ಸ್ಪಷ್ಟವಾಗಿ ತಿಳಿಯುವುದು ಬಹಳಮಟ್ಟಿಗೆ 2000ದಿಂದ 4000 ಹರ್ಟ್ಸ್ ನಡುವೆ. ಸಂಗೀತದ ಟ್ರ್ಯಾಕಿಗೆ ಮಾತ್ರ Filter Curve EQ ಹಾಕಿ, ಆ ಜಾಗದಲ್ಲಿ 3–4 ಡೆಸಿಬೆಲಿನಷ್ಟು ಮೆಲ್ಲನೆ ಹಳ್ಳ ತೋಡಿ. ಸಂಗೀತದ ರುಚಿ ಕೆಡುವುದಿಲ್ಲ, ಮಾತು ಒಂದು ಹೆಜ್ಜೆ ಮುಂದೆ ಬಂದು ನಿಲ್ಲುತ್ತದೆ. ಮಾತಿನ ಟ್ರ್ಯಾಕನ್ನೇ ಅಲ್ಲಿ ಎತ್ತಲು ಹೋಗಬೇಡಿ. ಬೇರ್ಪಡಿಸಿದ ಮಾತಿನಲ್ಲಿ ಗಾಯಗಳೂ ಜೊತೆಗೇ ಎದ್ದು ಬರುತ್ತವೆ.

ಎಲ್ಲಾ ಸೇರಿಸಿದ ಮೇಲೆ Loudness Normalization ಅನ್ನು -16 LUFS ಗೆ ಇಟ್ಟು, `mix.wav` ಎಂದು ಎಕ್ಸ್‌ಪೋರ್ಟ್ ಮಾಡಿ.

ವಾಪಸ್ ಜೋಡಿಸುವುದು

ಚಿತ್ರವನ್ನು ಮತ್ತೆ ಎನ್‌ಕೋಡ್ ಮಾಡುವ ಅಗತ್ಯವೇ ಇಲ್ಲ. ಹಾಗೆ ಮಾಡಿದರೆ ಗುಣಮಟ್ಟ ಸುಮ್ನೆ ಇಳಿಯುತ್ತದೆ. ಹಳೆಯ ಚಿತ್ರವನ್ನು ಹಾಗೇ ಇಟ್ಟುಕೊಂಡು ಧ್ವನಿ ಮಾತ್ರ ಬದಲಿಸಿ:

```
ffmpeg -i final.mp4 -i mix.wav -map 0:v -map 1:a -c:v copy -c:a aac -b:a 192k new.mp4
```

ಕೆಲವೇ ಸೆಕೆಂಡಿನಲ್ಲಿ ಮುಗಿಯುತ್ತದೆ. ಈಗ ಶುರುವಿನಲ್ಲೊಂದು, ಕೊನೆಯಲ್ಲೊಂದು ಜಾಗ ಆರಿಸಿ, ತುಟಿಗೂ ಮಾತಿಗೂ ಹೊಂದುತ್ತದೆಯೇ ನೋಡಿ. ಎರಡೂ ಕಡೆ ಒಂದೇ ಅಳತೆಯಲ್ಲಿ ತಪ್ಪಿದ್ದರೆ ಮೂಲ ಫೈಲಿನಲ್ಲಿ ಧ್ವನಿ ತಡವಾಗಿ ಶುರುವಾಗಿತ್ತು ಎಂದರ್ಥ. ಅಷ್ಟು ಮೌನವನ್ನು `mix.wav` ಮುಂದೆ ಸೇರಿಸಿ. ಶುರುವಿನಲ್ಲಿ ಸರಿಯಿದ್ದು ಕೊನೆಯಲ್ಲಿ ಮಾತ್ರ ತಪ್ಪಿದ್ದರೆ, ನಡುವೆ ಎಲ್ಲೋ ಒಂದು ತುಂಡು ಅಳಿಸಿದಾಗ ಮುಂದಿನದೆಲ್ಲ ಹಿಂದಕ್ಕೆ ಜಾರಿದೆ. ಆಡಾಸಿಟಿಯಲ್ಲಿ ಆ ಜಾಗ ಹುಡುಕಬೇಕು.

ನಂತರ ಫೋನಿನ ಸ್ಪೀಕರಿನಲ್ಲಿ, ಸಣ್ಣ ದನಿಯಲ್ಲಿ, ಅಡುಗೆಮನೆಯಲ್ಲೋ ಎಲ್ಲೋ ಸದ್ದಿರುವ ಕಡೆ ಕೇಳಿ. ಹೆಡ್‌ಫೋನಿನಲ್ಲಿ ಎಲ್ಲವೂ ಚೆನ್ನಾಗಿಯೇ ಕೇಳುತ್ತದೆ. ವಿಡಿಯೋ ನೋಡಿರದ ಒಬ್ಬರಿಗೆ ಚಿತ್ರ ತೋರಿಸದೆ ಕೇಳಿಸಿ, ಯಾವ ಪದ ಅರ್ಥವಾಗಲಿಲ್ಲ ಎಂದು ಕೇಳಿ. ನಿಮಗೆ ಆ ಮಾತು ಬಾಯಿಪಾಠ ಆಗಿರುತ್ತದೆ, ಹೋದ ಅಕ್ಷರವನ್ನು ನಿಮ್ಮ ತಲೆಯೇ ತುಂಬಿಕೊಳ್ಳುತ್ತದೆ.

ಕೊನೆಗೆ ಪ್ರೈವೇಟ್ ಆಗಿ ಏರಿಸಿ, ಕಾಪಿರೈಟ್ ತಪಾಸಣೆ ಮುಗಿಯುವವರೆಗೂ ಕಾಯಿರಿ. ನನ್ನದರಲ್ಲಿ 5:12ರ ಹತ್ತಿರ ಹಳೆಯ ಹಾಡು ಮತ್ತೆ ಸಿಕ್ಕಿಬಿತ್ತು. ಟೈಮ್‌ಲ್ಯಾಪ್ಸ್ ಮುಗಿದು ಮಾತು ಶುರುವಾಗುವ ಆ ಸಂದಿನಲ್ಲಿ `full.wav` ಒಂದು ಹತ್ತು ಸೆಕೆಂಡು ಅಳಿಸದೆ ಉಳಿದುಬಿಟ್ಟಿತ್ತು. ಹೊಸ ಸಂಗೀತದ ಅಡಿಯಲ್ಲಿ ನನ್ನ ಕಿವಿಗೆ ಕೇಳಿರಲೇ ಇಲ್ಲ. ಅಳಿಸಿ, ಮತ್ತೆ ಎಕ್ಸ್‌ಪೋರ್ಟ್ ಮಾಡಿ, ಜೋಡಿಸಿ ಏರಿಸಿದೆ. ಎರಡನೇ ಸಲ ಯಾವ ಕ್ಲೇಮೂ ಬರಲಿಲ್ಲ.